ವೀಸಾ ಸಂದರ್ಶನದ ನಂತರ 221(ಜಿ) ಚೀಟಿ ಬಂದರೆ

ಅಮೆರಿಕದ ವೀಸಾ ಸಂದರ್ಶನದಲ್ಲಿ ಅಧಿಕಾರಿಗೆ ಆಗಲೇ ತೀರ್ಮಾನ ಕೊಡಲು ಸಾಧ್ಯವಾಗದಿದ್ದಾಗ ಅರ್ಜಿದಾರರ ಕೈಗೆ ಒಂದು ಚೀಟಿ ಬರುತ್ತದೆ. ಆ ದೇಶದ ವಲಸೆ ಮತ್ತು ಪೌರತ್ವ ಕಾಯ್ದೆಯ 221(ಜಿ) ಕಲಮಿನ ಹೆಸರಿನ ಈ ಚೀಟಿಯನ್ನು ಕಾನೂನು ನಿರಾಕರಣೆ ಎಂದೇ ಕರೆಯುತ್ತದೆ. ಆದರೆ ಕಡತ ಮುಚ್ಚಿರುವುದಿಲ್ಲ. ಕೆಲವರಿಗೆ ಕಾಗದಪತ್ರ ಕಡಿಮೆಯಾಗಿರುತ್ತದೆ, ಕೆಲವರದು ವಾಷಿಂಗ್ಟನ್‌ನಲ್ಲಿ ಭದ್ರತಾ ತಪಾಸಣೆಗೆ ಹೋಗಿರುತ್ತದೆ. ಚೀಟಿಯಲ್ಲಿ ಏನನ್ನಾದರೂ ಕೇಳಿದ್ದಾರೆಯೇ, ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆಯೇ ಎಂಬುದನ್ನು ಕಚೇರಿಯಿಂದ ಹೊರಬೀಳುವ ಮೊದಲೇ ಓದಿ ತಿಳಿದುಕೊಳ್ಳಬೇಕು.

ತಪಾಸಣೆಗೆ ಹೋಗುವ ಕಾರಣ ಸಾಮಾನ್ಯವಾಗಿ ಎರಡು. ಒಂದು, ಓದುವ ವಿಷಯ: ಪರಮಾಣು, ರಾಸಾಯನಿಕ, ವಸ್ತುವಿಜ್ಞಾನದಂಥ ಸೂಕ್ಷ್ಮ ತಂತ್ರಜ್ಞಾನ ಕ್ಷೇತ್ರಗಳಿಗೆ ಹೆಚ್ಚಿನ ಪರಿಶೀಲನೆ ಇದೆ. ಇನ್ನೊಂದು, ಹೆಸರು. ನಿಗಾ ಪಟ್ಟಿಯಲ್ಲಿರುವ ಯಾರದೋ ಹೆಸರು, ಜನ್ಮದಿನಾಂಕಕ್ಕೆ ಹೋಲಿಕೆ ಕಂಡರೆ ಇವರು ಬೇರೆಯವರೆಂದು ಖಚಿತವಾಗುವವರೆಗೆ ಅರ್ಜಿ ನಿಲ್ಲುತ್ತದೆ. ನೂರಾರು ಜನರಿಗೆ ಒಂದೇ ಹೆಸರಿರುವ ನಮ್ಮ ಕಡೆ ಇದು ಯಾರಿಗಾದರೂ ಆಗಬಹುದು. ಅದರಲ್ಲಿ ಅರ್ಜಿದಾರರ ತಪ್ಪೇನೂ ಇಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಂಡೋತಿಯ ಯುವಕನೊಬ್ಬ ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದು ಕೆಮಿಕಲ್ ಎಂಜಿನಿಯರಿಂಗ್ ಓದಿದ್ದಾನೆ, ಸೇಡಂ ಬಳಿಯ ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾನೆ. ಆಗಸ್ಟ್ 20ಕ್ಕೆ ಅಮೆರಿಕದಲ್ಲಿ ವಸ್ತುವಿಜ್ಞಾನದ ಎಂ.ಎಸ್. ಶುರುವಾಗಬೇಕು. ಜೂನ್‌ನಲ್ಲಿ ಹೈದರಾಬಾದಿನಲ್ಲಿ ಸಂದರ್ಶನವಾಗಿ ಚೀಟಿ ಸಿಕ್ಕಿದೆ. ಅವನಿಂದ ಸ್ವವಿವರ ಮತ್ತು ಅಧ್ಯಯನ ಯೋಜನೆ ಕೇಳಿದ್ದಾರೆ, ಜೊತೆಗೆ ಡಿಎಸ್-5535 ಪ್ರಶ್ನಾವಳಿಯನ್ನೂ ಕಳಿಸಿದ್ದಾರೆ.

ಈ ಪ್ರಶ್ನಾವಳಿಗೆ ತಾಳ್ಮೆ ಬೇಕು. ಹಿಂದಿನ 15 ವರ್ಷಗಳ ವಿಳಾಸ, ಉದ್ಯೋಗ, ಪ್ರಯಾಣ, ಹಿಂದಿನ 5 ವರ್ಷಗಳ ಫೋನ್ ನಂಬರ್, ಇಮೇಲ್, ಸಾಮಾಜಿಕ ಜಾಲತಾಣದ ಖಾತೆ, ಒಡಹುಟ್ಟಿದವರ ಹೆಸರು ಮತ್ತು ಜನ್ಮದಿನಾಂಕ ಎಲ್ಲವನ್ನೂ ಬರೆಯಬೇಕು. ಇಪ್ಪತ್ತನಾಲ್ಕರ ಹುಡುಗನಿಗೆ ಅದು ಪ್ರಾಥಮಿಕ ಶಾಲೆಯ ದಿನಗಳಿಂದ ಶುರುವಾಗುತ್ತದೆ: ಊರಿನ ಮನೆ, ಹಾಸ್ಟೆಲ್, ಸೇಡಂನ ಬಾಡಿಗೆ ಕೋಣೆ, ಬಿಟ್ಟುಬಿಟ್ಟ ಹಳೆಯ ಸಿಮ್. ತಿಂಗಳುಗಳ ನಡುವೆ ಖಾಲಿ ಉಳಿದರೆ ಮತ್ತೆ ಪ್ರಶ್ನೆ ಬರುತ್ತದೆ. ಡಿಎಸ್-160 ಅರ್ಜಿಯಲ್ಲಿ ಬರೆದದ್ದಕ್ಕೂ ಇದಕ್ಕೂ ತಾಳೆಯಾಗಬೇಕು. ಅಲ್ಲಿ ತಪ್ಪಿದ್ದರೆ ಈಗಲೇ ತಿದ್ದಿ ಕಾರಣ ಬರೆಯುವುದು ಲೇಸು. ಅಧ್ಯಯನ ಯೋಜನೆಯಲ್ಲಿ ದೊಡ್ಡ ಮಾತು ಬೇಡ; ಏನು ಓದುತ್ತಾನೆ, ಯಾವ ವಸ್ತುವಿನ ಮೇಲೆ, ಯಾವ ಬಳಕೆಗಾಗಿ ಎಂಬುದು ಸ್ಪಷ್ಟವಾಗಿದ್ದರೆ ಸಾಕು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾದವರು ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿಡಬೇಕೆಂಬ ಸೂಚನೆಯೂ ಇದೆ.

ಕೇಳಿದ್ದನ್ನು ಕೊಡಲು ಒಂದು ವರ್ಷದ ಅವಕಾಶವಿದೆ. ಅದು ದಾಟಿದರೆ ಹೊಸ ಅರ್ಜಿ, ಹೊಸ ಶುಲ್ಕ. ಆದರೆ ವಿದ್ಯಾರ್ಥಿಗೆ ಅಷ್ಟು ಸಮಯವೆಲ್ಲಿ? ಕೆಲವೇ ದಿನಗಳಲ್ಲಿ, ಚೀಟಿ ಹೇಳಿದ ದಾರಿಯಲ್ಲೇ ಕಳಿಸಿ, ಕಳಿಸಿದ್ದರ ಪ್ರತಿ ಇಟ್ಟುಕೊಳ್ಳಬೇಕು.

ನಂತರದ ಸ್ಥಿತಿಯನ್ನು ceac.state.gov ತಾಣದಲ್ಲಿ ನೋಡಬಹುದು. ಅಲ್ಲಿ Refused ಎಂದು ಕಂಡರೆ ಮನೆಯವರು ಗಾಬರಿಯಾಗುತ್ತಾರೆ. 221(ಜಿ) ಅಡಿಯಲ್ಲಿ ತಪಾಸಣೆ ನಡೆಯುತ್ತಿರುವಾಗಲೂ ತೋರುವುದು ಅದೇ ಪದ. ಪಕ್ಕದ ದಿನಾಂಕ ಬದಲಾದರೆ ಯಾರೋ ಕಡತ ಮುಟ್ಟಿದ್ದಾರೆ ಎಂದಷ್ಟೇ ತಿಳಿಯಬೇಕು. Issued ಎಂದು ಬಂದಾಗ ಮಾತ್ರ ವೀಸಾ ಮಂಜೂರಾದಂತೆ.

ಕಾಯುವಾಗ ಮುಖ್ಯವಾದ ಕೆಲಸ ವಿಶ್ವವಿದ್ಯಾಲಯದ ಜೊತೆಗಿದೆ. ಐ-20 ಪತ್ರದಲ್ಲಿರುವ ಆರಂಭದ ದಿನ ಕಳೆದುಹೋದರೆ ಆ ಪತ್ರದ ಮೇಲೆ ವೀಸಾ ಸಿಗುವುದಿಲ್ಲ. ಹಾಗಾಗಿ ಜುಲೈ ಮಧ್ಯದಲ್ಲೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಬರೆದು, ಹೆಚ್ಚೆಂದರೆ ಎಷ್ಟು ದಿನ ತಡವಾಗಿ ಬಂದರೆ ಸೇರಿಸಿಕೊಳ್ಳುತ್ತಾರೆ, ಜನವರಿಗೆ ಪ್ರವೇಶ ಮುಂದೂಡಲು ಕೊನೆಯ ದಿನ ಯಾವುದು ಎಂದು ಕೇಳಬೇಕು. ಅದೇ ವಿಶ್ವವಿದ್ಯಾಲಯದಲ್ಲಿ ಮುಂದೂಡಿದರೆ ಸೆವಿಸ್ ಸಂಖ್ಯೆ ಸಾಮಾನ್ಯವಾಗಿ ಹಳೆಯದೇ ಉಳಿಯುತ್ತದೆ, 350 ಡಾಲರ್ ಶುಲ್ಕ ಮತ್ತೆ ಕಟ್ಟಬೇಕಿಲ್ಲ. ಹೊಸ ಐ-20 ಬಂದೊಡನೆ ಕಾನ್ಸುಲೇಟ್‌ಗೆ ತಿಳಿಸಬೇಕು.

ಹಣದ ವಿಷಯದಲ್ಲಿ ಬಿಗಿ ಹಿಡಿಯಬೇಕು. ಬ್ಯಾಂಕಿಗೆ ಸ್ಥಿತಿ ತಿಳಿಸಿ ಶಿಕ್ಷಣ ಸಾಲದ ಮಂಜೂರಾತಿಯ ಅವಧಿ ವಿಚಾರಿಸಬೇಕು, ಬಿಡುಗಡೆ ತಡೆಹಿಡಿಯಬೇಕು; ಬಿಡುಗಡೆಯಾದ ಸಾಲಕ್ಕೆ ಬಡ್ಡಿ ಓಡುತ್ತದೆ. ವಾಪಸಾಗದ ವಿಮಾನ ಟಿಕೆಟ್ ತೆಗೆಸಬಾರದು. ಕಾರ್ಖಾನೆಯ ಕೆಲಸಕ್ಕೆ ರಾಜೀನಾಮೆ ವೀಸಾ ಕೈಗೆ ಬಂದ ಮೇಲೆ. ದುಡ್ಡು ಕೊಟ್ಟರೆ ಬೇಗ ಮಾಡಿಸುತ್ತೇವೆ ಎನ್ನುವ ಏಜೆಂಟರನ್ನು ನಂಬಲೇಬಾರದು. ತಪಾಸಣೆಯನ್ನು ಹೊರಗಿನವರು ಯಾರೂ ಬೇಗ ಮುಗಿಸಲಾರರು. ಬೇರೆ ಕಾನ್ಸುಲೇಟ್‌ನಲ್ಲಿ ಹೊಸ ಅರ್ಜಿ ಹಾಕಿದರೂ ಅದೇ ತಪಾಸಣೆ ಅಲ್ಲಿಗೂ ಬರುತ್ತದೆ. ಅಮೆರಿಕದ ನ್ಯಾಯಾಲಯದಲ್ಲಿ ವಿಳಂಬದ ವಿರುದ್ಧ ದಾವೆ ಹೂಡಬಹುದಾದರೂ ಖರ್ಚು ಹೆಚ್ಚು. ಗೆದ್ದರೂ ಸಿಗುವುದು ತೀರ್ಮಾನ ಮಾಡಿ ಎಂಬ ಆದೇಶ, ವೀಸಾ ಅಲ್ಲ.

ಮುಂದೆ ಎಂದಾದರೂ ಮತ್ತೆ ಅರ್ಜಿ ಹಾಕುವಾಗ, ಹಿಂದೆ ವೀಸಾ ನಿರಾಕರಣೆಯಾಗಿತ್ತೇ ಎಂಬ ಪ್ರಶ್ನೆಗೆ ಹೌದು ಎಂದು ಬರೆದು, 221(ಜಿ) ಚೀಟಿಯ ದಿನಾಂಕ ಮತ್ತು ಆಮೇಲೆ ಏನಾಯಿತೆಂಬುದನ್ನು ಒಂದು ಸಾಲಿನಲ್ಲಿ ತಿಳಿಸಬೇಕು.