ನೋಡುವವರು ಯಾರು ಮಗಾ?

ಎಕ್ಸೆಲ್ ಶೀಟು ಕೈಗೆ ಬಂದ ಕೂಡಲೇ ನೀನು ಬಣ್ಣ ಆರಿಸಲು ಕೂತುಬಿಡುತ್ತೀಯ. ಕೈ ಚುರುಕು, ಒಪ್ಪಿದೆ. ಆದರೆ ಸ್ವಲ್ಪ ತಡಿ. ಹಾಲಿನ ಸಂಘದ ಕಾರ್ಯದರ್ಶಿ ಫೈಲು ಕಳಿಸಿ, "ಇದಕ್ಕೊಂದು ಡ್ಯಾಶ್‌ಬೋರ್ಡ್ ಮಾಡಿಕೊಡಪ್ಪ" ಅಂದರು. ಯಾರು ನೋಡಲಿಕ್ಕೆ ಅಂತ ಅವರೂ ಹೇಳಲಿಲ್ಲ, ನೀನೂ ಕೇಳಲಿಲ್ಲ.

ಫೈಲಿನಲ್ಲಿರುವುದು ತಾರೀಖು, ಬೆಳಿಗ್ಗೆಯೋ ಸಂಜೆಯೋ ಅನ್ನುವುದು, ಸದಸ್ಯರ ನಂಬರು, ಲೀಟರು, ಫ್ಯಾಟು, ದರ, ಮೊತ್ತ. ಕಾರ್ಯದರ್ಶಿಗೆ ಬೇಕಾದದ್ದು ನಿನ್ನೆಯ ಸಂಗತಿ: ಎಷ್ಟು ಹಾಲು ಬಂತು, ಯಾರ ಫ್ಯಾಟು ದಿಢೀರನೆ ಇಳಿಯಿತು. ಆಡಳಿತ ಮಂಡಳಿಯವರಿಗೆ ಬೇಕಾದದ್ದು ಹೋದ ವರ್ಷ ಇದೇ ತಿಂಗಳಿಗಿಂತ ಹಾಲು ಹೆಚ್ಚಿತೋ ಕಮ್ಮಿಯಾಯಿತೋ ಅನ್ನುವುದು. ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಮಳೆ, ಹಸಿಮೇವು, ಕರು ಹಾಕುವ ಕಾಲ ಎಲ್ಲ ಸೇರಿ ಲೆಕ್ಕ ಕೆಡಿಸುತ್ತವೆ. ಹಾಲು ಹಾಕುವ ಗೌರಮ್ಮನಿಗೆ ಬಟವಾಡೆ ಚೀಟಿ ಸಾಕು, ಡ್ಯಾಶ್‌ಬೋರ್ಡ್ ಬೇಡವೇ ಬೇಡ.

"ಯಾರಿಗೆ?" ಅಂತ ಕೇಳಿದರೆ "ಎಲ್ಲರಿಗೂ" ಅನ್ನುತ್ತಾರೆ. ಆ ಉತ್ತರ ಇಟ್ಟುಕೊಂಡು ಏನೂ ಮಾಡಲಾಗದು. ಬೇರೆ ಥರ ಕೇಳು: "ಅಂಕಿ ಇಳಿದದ್ದು ಕಂಡರೆ ನೀವು ಮೊದಲು ಯಾರಿಗೆ ಫೋನ್ ಮಾಡ್ತೀರಿ?" ಹಾಲು ಹಾಕುವವರಿಗೆ ಅಂದರೆ ದಿನದ ಲೆಕ್ಕ ತೋರಿಸು. ಅಧ್ಯಕ್ಷರಿಗೆ ಅಂದರೆ ತಿಂಗಳ ಲೆಕ್ಕ. ಕೇಳಲು ಕಾರ್ಯದರ್ಶಿಯೇ ಸಿಗದೇ ಹೋದರೆ ಕೈಕಟ್ಟಿ ಕೂರಬೇಡ. ಒಬ್ಬರನ್ನು ನೀನೇ ಆರಿಸಿ, ಹಾಳೆಯ ನೆತ್ತಿಯ ಮೇಲೆ "ಕಾರ್ಯದರ್ಶಿಯವರಿಗೆ, ದಿನಾ ಬೆಳಿಗ್ಗೆ ನೋಡಲು" ಅಂತ ಬರೆದುಬಿಡು. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಈಗ ನೀನು ಹಾಕಿರುವ "ಸರಾಸರಿ ಫ್ಯಾಟು" ನೋಡೋಣ. ಒಬ್ಬರು 2 ಲೀಟರು ಹಾಕಿದರು, ಫ್ಯಾಟು 5. ಇನ್ನೊಬ್ಬರು 10 ಲೀಟರು, ಫ್ಯಾಟು 3.6. ನೀನು ಎರಡನ್ನೂ ಕೂಡಿಸಿ ಅರ್ಧ ಮಾಡಿ 4.3 ಅಂತ ತೋರಿಸಿದೆ. ಕ್ಯಾನಿನಲ್ಲಿ ಬೆರೆತ ಹಾಲಿನ ಫ್ಯಾಟು ಸುಮಾರು 3.83. ಹೆಚ್ಚು ಹಾಲಿಗೆ ಹೆಚ್ಚು ತೂಕ ಕೊಡಬೇಕಲ್ಲವೇ? ಲೀಟರು D ಕಾಲಂನಲ್ಲಿ, ಫ್ಯಾಟು E ಕಾಲಂನಲ್ಲಿ ಇದ್ದರೆ ಹೀಗೆ ಬರೆ:

```
=SUMPRODUCT(D2:D500,E2:E500)/SUM(D2:D500)
```

ಬರೆಯುವ ಮುಂಚೆ ಫ್ಯಾಟಿನ ಕಾಲಂ ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸು. ಮೆಷಿನ್ ಕೆಟ್ಟ ದಿನ ಯಾರೋ 0 ಬರೆದಿರುತ್ತಾರೆ, ಇಲ್ಲವೇ ಖಾಲಿ ಬಿಟ್ಟಿರುತ್ತಾರೆ. ಈ ಸೂತ್ರಕ್ಕೆ ಎರಡೂ ಒಂದೇ. ಲೀಟರು ಎಣಿಸಿ ಫ್ಯಾಟು ಬಿಡುತ್ತದೆ, ಸರಾಸರಿ ಕುಸಿಯುತ್ತದೆ. ಅಂಥ ಸಾಲುಗಳನ್ನು ಲೆಕ್ಕದಿಂದ ತೆಗೆದಿಡು. ಎಷ್ಟು ತೆಗೆದೆ ಅಂತಲೂ ತೋರಿಸು.

ಒಟ್ಟು ಲೀಟರು ಒಂದನ್ನೇ ದೊಡ್ಡದಾಗಿ ಹಾಕಿದ್ದೀಯ. ಹೋದ ವರ್ಷ 80 ಜನ ದಿನಕ್ಕೆ 640 ಲೀಟರು ಹಾಕುತ್ತಿದ್ದರು, ಈಗ 60 ಜನ 570 ಲೀಟರು ಹಾಕುತ್ತಾರೆ ಅಂದುಕೋ. ಒಟ್ಟು ಇಳಿಯಿತು ಅಂತ ಮಂಡಳಿಯವರು ಪಶು ಆಹಾರದ ಮಾತು ತೆಗೆಯುತ್ತಾರೆ. ಆದರೆ ತಲೆಗೆ 8 ಇದ್ದದ್ದು 9.5 ಆಗಿದೆ! ದನಗಳು ಚೆನ್ನಾಗೇ ಕರೆಯುತ್ತಿವೆ, ಜನ ಬಿಟ್ಟುಹೋಗಿದ್ದಾರೆ. ಕೇಳಬೇಕಾದದ್ದು ಆ 20 ಮನೆಗಳಲ್ಲಿ. ಹಾಗಾಗಿ ಹಾಲು ಹಾಕಿದವರ ಸಂಖ್ಯೆ, ತಲಾ ಲೀಟರು ಎರಡೂ ಒಟ್ಟಿನ ಪಕ್ಕದಲ್ಲೇ ಇರಲಿ.

ಚಾರ್ಟಿನ ವಿಷಯ ಬೇಗ ಮುಗಿಸುತ್ತೇನೆ. 60 ಸದಸ್ಯರ ಪೈ ಚಾರ್ಟ್ ತೆಗೆದುಹಾಕು, ಅದರಲ್ಲಿ ಯಾರ ಪಾಲು ಯಾವುದೆಂದು ಯಾರಿಗೂ ಕಾಣದು. ದಿನದ ಹಾಲಿಗೆ ಗೆರೆ ಎಳೆ, ಬೆಳಿಗ್ಗೆಗೊಂದು, ಸಂಜೆಗೊಂದು. ಸಂಘದಿಂದ ಸಂಘಕ್ಕೆ ಹೋಲಿಸುವುದಿದ್ದರೆ ಕಂಬ ನಿಲ್ಲಿಸು, ಕಂಬ ಸೊನ್ನೆಯಿಂದಲೇ ಏಳಬೇಕು. ಫ್ಯಾಟಿನ ಗೆರೆಗೆ ಆ ಕಟ್ಟುಪಾಡು ಬೇಡ. ಸೊನ್ನೆಯಿಂದ ಎಳೆದರೆ 4.1ಕ್ಕೂ 3.7ಕ್ಕೂ ಇರುವ ಅಂತರ ಕಣ್ಣಿಗೆ ಬೀಳದು. ಯಾರ ಫ್ಯಾಟು ಇಳಿಯಿತು ಅನ್ನುವುದಕ್ಕೆ ಚಾರ್ಟೇ ಬೇಡ. ಸದಸ್ಯರ ನಂಬರು, ನಿನ್ನೆಯದು, ಹಿಂದಿನ ಏಳು ದಿನದ್ದು ಅಂತ ಸಣ್ಣ ಪಟ್ಟಿ ಹಾಕು.

ಒಂದು ಕಾಲಂ ಮಾತ್ರ ನಿನ್ನ ಫೈಲಿನಲ್ಲಿ ಇಲ್ಲ. ಕಾರ್ಯದರ್ಶಿಯ ನಿದ್ದೆಗೆಡಿಸುವುದೇ ಅದು: ಸಂಘ ಕಳಿಸಿದ ಹಾಲಿಗೂ ಡೈರಿ ಬರೆದುಕೊಂಡ ಹಾಲಿಗೂ ಇರುವ ವ್ಯತ್ಯಾಸ. ಡೈರಿಯಿಂದ ಬರುವ ಲೆಕ್ಕದ ಹಾಳೆ ಕೇಳಿ ಪಡೆದುಕೋ. ಸಿಕ್ಕ ಕೂಡಲೇ ಕಳೆಯಲು ಹೋಗಬೇಡ, ಆತುರಗಾರ! ನಿಮ್ಮದು ಲೀಟರಿನಲ್ಲಿದ್ದು ಅವರದು ಕಿಲೋದಲ್ಲಿದ್ದರೆ, 500 ಲೀಟರು ಹಾಲು ಸುಮಾರು 515 ಕಿಲೋ ತೂಗುತ್ತದೆ. ದಾರಿಯಲ್ಲಿ 10 ಲೀಟರು ಚೆಲ್ಲಿದ್ದರೂ ನಿನ್ನ ಹಾಳೆ ಲಾಭ ತೋರಿಸುತ್ತದೆ. ಲೀಟರನ್ನು 1.03ರಿಂದ ಗುಣಿಸಿ ಕಿಲೋ ಮಾಡು, ಆಮೇಲೆ ಕಳೆ.