ಹಸಿರು ಚುಕ್ಕೆ, ಮೂಲೆಯ ಬೆಳಕು

ವಿದ್ಯಾನಗರದ ಓದುಗರೇ, ಕೊಪ್ಪಿಕರ್ ರಸ್ತೆಯಿಂದ ಮೊನ್ನೆ ತಂದ ನಿಮ್ಮ ಮಾನಿಟರ್‌ನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ: ಒಂದು ಹಸಿರು ಚುಕ್ಕೆ, ಇನ್ನೊಂದು ಮೂಲೆಯಲ್ಲಿ ಕಾಣುವ ಬೆಳಕು.

ಮೊದಲು ಒದ್ದೆ ಮಾಡದ ಮೆತ್ತನೆ ಬಟ್ಟೆಯಿಂದ ಪರದೆ ಒರೆಸಿ. ನಮ್ಮೂರಿನ ಧೂಳು ಎಷ್ಟೋ ಸಲ ಪಿಕ್ಸೆಲ್‌ನ ವೇಷ ಹಾಕುತ್ತದೆ! ಆಮೇಲೆ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಪರದೆ ತುಂಬ ಹಾಕಿ ನೋಡಿ. ಚುಕ್ಕೆ ಕಪ್ಪಿನಲ್ಲೂ ಹಸಿರಾಗಿ ಹೊಳೆದರೆ ಅದು ಸಿಕ್ಕಿಕೊಂಡ ಪಿಕ್ಸೆಲ್. ಬಿಳಿಯಲ್ಲೂ ಕಪ್ಪಾಗಿಯೇ ಉಳಿದರೆ ಸತ್ತದ್ದು.

ಮೂಲೆಯ ಬೆಳಕನ್ನು ರಾತ್ರಿ ದೀಪ ಆರಿಸಿ, ಕಪ್ಪು ಚಿತ್ರ ಹಾಕಿ, ನೀವು ದಿನವೂ ಇಡುವಷ್ಟೇ ಬ್ರೈಟ್‌ನೆಸ್‌ನಲ್ಲಿ ಪರೀಕ್ಷಿಸಿ. ತಲೆ ಅತ್ತಿತ್ತ ಸರಿಸಿದಾಗ ಬೆಳಕೂ ಸರಿದರೆ ಅದು ಐಪಿಎಸ್ ಪರದೆಯ ಸಹಜ ಗುಣ. ಕದಲದೆ ಅಂಚಿಗೇ ಅಂಟಿಕೊಂಡಿದ್ದರೆ ಹಿಂಬದಿಯ ಬೆಳಕು ಸೋರುತ್ತಿದೆ ಎಂದರ್ಥ. ನೀವು ಕಳಿಸಿದ ಫೋಟೋ ನೋಡಿ ನಾನು ತೀರ್ಪು ಕೊಡಲಾರೆ. ಕತ್ತಲಲ್ಲಿ ಮೊಬೈಲ್ ಕ್ಯಾಮೆರಾ ಸೋರಿಕೆಯನ್ನು ಹಿಗ್ಗಿಸಿ ತೋರಿಸುತ್ತದೆ.

ಇನ್ನು ವಾರಂಟಿ. ಒಂದು ಚುಕ್ಕೆಗೆಲ್ಲ ಮಾನಿಟರ್ ಬದಲಿಸಿಕೊಡುವವರು ಕಡಿಮೆ. ಹಲವು ಕಂಪನಿಗಳು ಇಂತಿಷ್ಟು ಚುಕ್ಕೆಗಳನ್ನು ದೋಷವೆಂದೇ ಎಣಿಸುವುದಿಲ್ಲ. ನಿಮ್ಮ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. ಹತ್ತು ಲಕ್ಷಕ್ಕೆ ಎರಡು ಎಂಬ ಮಿತಿಯಿದ್ದರೆ ನಾಲ್ಕರವರೆಗೂ ಸಹಿಸಿಕೊಳ್ಳಬೇಕು. ಕೆಲವು ಮಾದರಿಗಳಿಗೆ ಮಾತ್ರ ಹೊಳೆಯುವ ಒಂದೇ ಚುಕ್ಕೆಗೂ ಬದಲಿ ಸಿಗುತ್ತದೆ. ಕಂಪನಿಯ ಪಿಕ್ಸೆಲ್ ನಿಯಮ ಓದಿ. ಸೋರಿಕೆಗೆ ಅಂಥ ಎಣಿಕೆಯಿಲ್ಲ, ಸರ್ವಿಸ್ ಸೆಂಟರ್‌ನವರ ಕಣ್ಣೇ ಅಳತೆ.

ಹಾಗಾಗಿ ವಾರಂಟಿಗಿಂತ ಅಂಗಡಿಯ ಬದಲಾವಣೆ ಅವಧಿಯೇ ನಿಮಗೆ ಹತ್ತಿರದ ದಾರಿ. ಬಿಲ್ಲು, ಡಬ್ಬಿ, ಥರ್ಮಾಕೋಲ್ ಸಮೇತ ನಾಳೆಯೇ ಹೋಗಿ, ಕಪ್ಪು ಚಿತ್ರ ಹಾಕಿ ಕೌಂಟರ್‌ನಲ್ಲೇ ಆ ಚುಕ್ಕೆ ತೋರಿಸಿ.