ಒಂದು ಹೂವೋ, ಹಲವು ಹೂಗಳೋ?

ದಸರೆಯ ಮುನ್ನಾದಿನ ದಾದರಿನ ಹೂವಿನ ಪೇಟೆಯಲ್ಲಿ ರಾಶಿ ರಾಶಿಯಾಗಿ ಬಂದು ಬೀಳುವ ಚೆಂಡುಹೂವನ್ನು ನಾವೆಲ್ಲರೂ ಬಲ್ಲೆವು. ಮರಾಠಿಯವರು ಅದನ್ನೇ ಝೆಂಡು ಎನ್ನುತ್ತಾರೆ. ಈ ಹೂವಿಗೆ ದಳಗಳೆಷ್ಟು ಎಂದು ಯಾರಾದರೂ ಕೇಳಿದರೆ ನಾವು ಎಣಿಸಲು ತೊಡಗುವೆವು. ಆದರೆ ಆ ಪ್ರಶ್ನೆಯೇ ಸರಿಯಲ್ಲ. ನಾವು ದಳವೆಂದು ಎಣಿಸುವ ಒಂದೊಂದೂ ಒಂದೊಂದು ಹೂವು.

ಇದು ಹೇಗೆಂಬುದನ್ನು ಕಿತ್ತೇ ನೋಡೋಣ. ಚೆಂಡುಹೂವಿನ ಒಂದು ಎಸಳನ್ನು ಬುಡದವರೆಗೆ ಹಿಡಿದು ಮೆಲ್ಲನೆ ಎಳೆದರೆ, ಹಳದಿಯ ಹಾಳೆಯೊಡನೆ ಅದರ ಕೆಳಗೆ ಸಣ್ಣ ಕಡ್ಡಿಯಂತಹ ಭಾಗವೊಂದು ಹೊರಬರುತ್ತದೆ. ಎಳೆಯ ಹೂವಿನಲ್ಲಿ ಅದು ಬಿಳುಪಾಗಿರುವುದು. ಒಣಗಿದ ಹೂವಿನಲ್ಲಿ ಕಪ್ಪಾಗಿರುವುದು. ತೋಟದವರು ಮುಂದಿನ ವರ್ಷಕ್ಕೆಂದು ಬಿತ್ತುವುದು ಈ ಕಪ್ಪು ಕಡ್ಡಿಯನ್ನೇ. ಅದುವೇ ಅಂಡಾಶಯ. ಹಾಳೆಯ ಬುಡದಲ್ಲಿ, ಅದು ಕೊಳವೆಯಂತೆ ಸುತ್ತಿಕೊಂಡಿರುವೆಡೆ, ತುದಿ ಎರಡಾಗಿ ಸೀಳಿದ ನವುರಾದ ಎಳೆಯೊಂದು ಕಾಣಿಸುತ್ತದೆ, ಅದು ಶಲಾಕೆ. ಗುಲಾಬಿಯ ದಳವನ್ನು ಕಿತ್ತರೆ ಬರಿಯ ದಳವೇ ಕೈಗೆ ಬರುವುದಲ್ಲದೆ ಅದರ ಬುಡದಲ್ಲಿ ಬೀಜವಿರುವುದಿಲ್ಲ. ಈ ಒಂದು ಭೇದವನ್ನು ಕಂಡುಕೊಂಡರೆ ಅರ್ಧ ಪಾಠ ಮುಗಿದಂತೆಯೇ.

ಇಂತಹ ಕಿರುಹೂಗಳು ಒಂದೇ ಪೀಠದ ಮೇಲೆ ಒತ್ತಾಗಿ ಕುಳಿತಿರುವ ಗೊಂಚಲಿಗೆ ಚೆಂಡುಮಂಜರಿ ಎಂದು ಹೆಸರಿಡೋಣ. ಸೇವಂತಿಗೆ, ಸೂರ್ಯಕಾಂತಿ, ಡೇಲಿಯಾ, ಜೀನಿಯಾ, ಕಾಸ್ಮಾಸ್ ಎಲ್ಲವೂ ಈ ಬಗೆಯವು. ಇವುಗಳ ಕುಟುಂಬಕ್ಕೆ ಹಿಂದೆ ಕಾಂಪೊಸಿಟೀ ಎಂಬ ಹೆಸರೇ ರೂಢಿಯಲ್ಲಿದ್ದಿತು. ಈಗ ಹೆಚ್ಚಾಗಿ ಆಸ್ಟರೇಸೀ ಎನ್ನುತ್ತಾರೆ.

ರಚನೆಯನ್ನು ಸ್ಪಷ್ಟವಾಗಿ ಅರಿಯಲು ಕಾಸ್ಮಾಸ್ ಹೂವು ಅನುಕೂಲವಾದುದು. ಅದರ ಅಂಚಿನಲ್ಲಿ ಸಾಮಾನ್ಯವಾಗಿ 8 ಅಗಲವಾದ ಎಸಳುಗಳಿವೆ. ನಡುವೆ ಹಳದಿಯ ಬಿಲ್ಲೆಯಿದೆ. ಅಂಚಿನವು ಬಂಜೆಹೂಗಳು; ಕೀಟಗಳನ್ನು ಕರೆಯುವುದೇ ಅವುಗಳ ಕೆಲಸ. ಬೀಜ ಕಟ್ಟುವುದು ನಡುವಣ ಬಿಲ್ಲೆಯಲ್ಲಿ. ಬಿಲ್ಲೆಯನ್ನು ಸೂಜಿಯಿಂದ ಬಿಡಿಸಿ ಭೂತಗನ್ನಡಿಯ ಕೆಳಗಿಟ್ಟರೆ ಪ್ರತಿಯೊಂದು ಚುಕ್ಕೆಯೂ ಪುಟ್ಟ ಕೊಳವೆಯಾಗಿ, ಕೊಳವೆಯ ಬಾಯಿ 5 ಹಲ್ಲುಗಳಾಗಿ ಕಾಣುವುದು. ನಿಜವಾದ 5 ದಳಗಳು ಇಲ್ಲಿ ಕೂಡಿಕೊಂಡಿವೆ. ಒಳಗೆ 5 ಕೇಸರಗಳ ತಲೆಗಳು ಒಂದಕ್ಕೊಂದು ಅಂಟಿ ಕಂದುಬಣ್ಣದ ನಳಿಗೆಯಾಗಿವೆ. ಶಲಾಕೆಯು ಆ ನಳಿಗೆಯೊಳಗಿನಿಂದ ಬೆಳೆದು ಬರುವಾಗ ಪರಾಗವನ್ನು ಮೇಲಕ್ಕೆ ತಳ್ಳುತ್ತದೆ. ಬಿಲ್ಲೆಯ ಹೂಗಳು ಒಮ್ಮೆಗೇ ಅರಳುವುದಿಲ್ಲ. ಹೊರಸುತ್ತಿನವು ಮೊದಲು, ನಡುವಿನವು ಕಡೆಗೆ. ಆದುದರಿಂದ ಒಂದೇ ಬಿಲ್ಲೆಯಲ್ಲಿ ಮೊಗ್ಗನ್ನೂ ಅರಳಿದ ಹೂವನ್ನೂ ಒಟ್ಟಿಗೆ ನೋಡಬಹುದು. ಸೂರ್ಯಕಾಂತಿಯಲ್ಲಿ ಈ ಸುತ್ತುಗಳು ಕನ್ನಡಿಯಿಲ್ಲದೆಯೇ ಕಾಣುತ್ತವೆ.

ಇನ್ನು ಹೂವನ್ನು ತಿರುಗಿಸಿ ಹಿಂಬದಿಯನ್ನು ನೋಡೋಣ. ಅಲ್ಲಿರುವ ಹಸಿರು ಬಟ್ಟಲು ಒಂದು ಹೂವಿನ ಪುಷ್ಪಪಾತ್ರೆಯಲ್ಲ. ಇಡೀ ಗೊಂಚಲನ್ನು ಹೊತ್ತ ಎಲೆಗಳ ಬೇಲಿ. ಕಾಸ್ಮಾಸಿನಲ್ಲಿ ಅದು ಎರಡು ಸಾಲಾಗಿದೆ. ಚೆಂಡುಹೂವಿನಲ್ಲಿ ಒಂದೇ ಸಾಲಿನ ಎಲೆಗಳು ಬೆಸೆದುಕೊಂಡು ನಿಜವಾದ ಬಟ್ಟಲೇ ಆಗಿದೆ.

ಇಷ್ಟನ್ನು ತಿಳಿದಮೇಲೂ ಮೋಸಹೋಗುವ ಎಡೆಗಳುಂಟು. ತೋಟಗಾರರು ಬೆಳೆಸುವ ದಟ್ಟ ಚೆಂಡುಹೂವಿನಲ್ಲಿಯೂ ಡೇಲಿಯಾದಲ್ಲಿಯೂ ನಡುವಣ ಬಿಲ್ಲೆ ಬಹುಮಟ್ಟಿಗೆ ಮಾಯವಾಗಿ, ಎಲ್ಲವೂ ಎಸಳಾಗಿರುತ್ತವೆ. ಬಿಲ್ಲೆ ಕಾಣದೆಂದು ಅವನ್ನು ಕುಟುಂಬದಿಂದ ಹೊರಗಿಡಲಾಗದು. ಎಸಳನ್ನು ಕಿತ್ತು ಬುಡವನ್ನು ನೋಡಲೇಬೇಕು. ತಾವರೆಗೂ ದಳಗಳು ಹಲವು. ಅದರೂ ಕಿತ್ತ ದಳದ ಬುಡ ಬರಿದು. ಅದು ಒಂದೇ ಹೂವು.

ಎಸಳಿನ ಸಂಖ್ಯೆಯನ್ನು ನಂಬುವುದು ಇನ್ನೂ ಅಪಾಯ. ಮುಂಬಯಿಯ ರಸ್ತೆಯಂಚಿನಲ್ಲಿ, ಹಳೆಯ ಗೋಡೆಗಳ ಬಿರುಕಿನಲ್ಲಿ ಟ್ರೈಡಾಕ್ಸ್ ಎಂಬ ಕಳೆ ಬೆಳೆಯುತ್ತದೆ. ಉದ್ದನೆಯ ತೊಟ್ಟಿನ ತುದಿಯಲ್ಲಿ ಹಳದಿ ನಡುವು, ಅದರ ಸುತ್ತ ಬಹುವೇಳೆ 5 ಕೆನೆಬಣ್ಣದ ಎಸಳುಗಳು. ಐದು ದಳದ ಸಾದಾ ಹೂವೆಂದೇ ಯಾರಾದರೂ ಬರೆದುಕೊಂಡಾರು. ಆದರೆ ಪ್ರತಿಯೊಂದು ಎಸಳಿನ ತುದಿಯೂ 3 ಹಲ್ಲುಗಳಾಗಿ ಕಚ್ಚಿದಂತಿದೆ. ಹಲವು ದಳಗಳು ಕೂಡಿ ಆದ ಹಾಳೆಯೆಂಬುದಕ್ಕೆ ಅದೇ ಕುರುಹು. ಕಿತ್ತರೆ ಬುಡದಲ್ಲಿ ಅಂಡಾಶಯವೂ ಇದೆ. ಕೆಲವು ದಿನ ಬಿಟ್ಟು ಅದೇ ಗಿಡವನ್ನು ನೋಡಿದರೆ ಹೂವಿದ್ದೆಡೆ ನವಿರು ಕೂದಲಿನ ಕೊಡೆ ಹೊತ್ತ ಬೀಜಗಳ ಚೆಂಡು; ಊದಿದರೆ ಹಾರಿಹೋಗುತ್ತವೆ. ಸಾಮಾನ್ಯ ಹೂವಿನಲ್ಲಿ ಪುಷ್ಪಪಾತ್ರೆ ಇರಬೇಕಾದ ಸ್ಥಾನದಲ್ಲಿ ಹುಟ್ಟಿದ ಕೂದಲುಗಳಿವು.

ಕಡೆಯದಾಗಿ, ಬಹುದಿನ ಬಾಡದ ನೇರಳೆ ಗುಂಡಿನಂತಹ ಗೊಂಫ್ರೀನಾ. ಇದೂ ಹಲವು ಹೂಗಳ ಗೊಂಚಲೇ ಆದರೂ ಹರಿವೆ ಸೊಪ್ಪಿನ ಬಂಧು. ಒಂದು ತುಣುಕನ್ನು ಬಿಡಿಸಿ ನೋಡಿದರೆ ಕಾಗದದಂತೆ ಸರಸರ ಎನ್ನುವ ಒಣ ಹೊದಿಕೆಗಳ ಒಳಗೆ ಹೂವು ಅಡಗಿರುವುದು. ಅಂಡಾಶಯ ಹೂವಿನ ಕೆಳಗಿರದೆ ಒಳಗೇ ಇರುವುದು. ಅಂಚಿನ ಹಾಳೆಯೆಸಳಾಗಲಿ ಕೆಳಗಿನ ಹಸಿರು ಬಟ್ಟಲಾಗಲಿ ಇಲ್ಲ. ಗುಂಡಿನ ಅಡಿಯಲ್ಲಿ ಎರಡು ಎಲೆಗಳು ಮಾತ್ರ ಎದುರುಬದುರಾಗಿ ನಿಂತಿವೆ.